ಟ್ಯೂಷನ್ ದುಡ್ಡಿನಲ್ಲಿ ತೆರಿಗೆಗೆ ಎಷ್ಟು ಎತ್ತಿಡಬೇಕು? ಉಳಿದದ್ದನ್ನು ಎಲ್ಲಿಡಬೇಕು?

ಮೈಸೂರಿನ ಒಂದೇ ಬೀದಿಯಲ್ಲಿ ಮೂವರು ಇದ್ದಾರೆ ಅಂದುಕೊಳ್ಳಿ. ಮೂವರಿಗೂ ಖಾಸಗಿ ಕಂಪನಿಯಲ್ಲಿ ಕೆಲಸ. ವರ್ಷದ ಸಂಬಳ ಮಾತ್ರ ಬೇರೆ: ಮೊದಲನೆಯವರದು 9 ಲಕ್ಷ, ನಡುವಿನವರದು 12 ಲಕ್ಷ, ಮೂರನೆಯವರದು 18 ಲಕ್ಷ. ಶನಿವಾರ, ಭಾನುವಾರ ಮೂವರೂ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಎಂಟು ಮಕ್ಕಳು, ಒಬ್ಬರಿಗೆ ತಿಂಗಳಿಗೆ 2,500 ರೂಪಾಯಿ. ಜೂನ್‌ನಿಂದ ಫೆಬ್ರವರಿವರೆಗೆ ಒಂಬತ್ತು ತಿಂಗಳು. ಒಟ್ಟು 1,80,000. ಬೋರ್ಡು, ಪ್ರಿಂಟು, ಪುಸ್ತಕ, ಇಂಟರ್ನೆಟ್ಟು ಅಂತ 20,000 ಖರ್ಚು ಕಳೆದರೆ 1,60,000 ಉಳಿಯುತ್ತದೆ.

ಈ 1,60,000ಕ್ಕೆ ಮೊದಲನೆಯವರು ಕಟ್ಟಬೇಕಾದ ತೆರಿಗೆ ಸೊನ್ನೆ. ಮೂರನೆಯವರದು 33,280. ನಡುವಿನವರದು 75,660. ಹೌದು, ನಡುವಿನವರದೇ ಎಲ್ಲಕ್ಕಿಂತ ಜಾಸ್ತಿ. ಸಂಬಳ ಹೆಚ್ಚಿದ್ದವರಿಗೆ ತೆರಿಗೆಯೂ ಹೆಚ್ಚು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಮೇಲುಗಳಿಕೆಯ ವಿಷಯದಲ್ಲಿ ಅದು ನಿಜವಲ್ಲ. "ಹತ್ತು ಪರ್ಸೆಂಟ್ ಎತ್ತಿಡಿ ಸಾಕು", "ಮೂವತ್ತು ಪರ್ಸೆಂಟ್ ಎತ್ತಿಡಿ" ಅಂತ ಎಲ್ಲರಿಗೂ ಒಂದೇ ಸಲಹೆ ಕೊಡುವವರ ಮಾತು ಕೇಳಿದರೆ ಈ ಮೂವರಲ್ಲಿ ಒಬ್ಬರಾದರೂ ಕೆಡುವುದು ಖಂಡಿತ. ಮೊದಲು ನೀವು ಯಾವ ಜಾಗದಲ್ಲಿದ್ದೀರಿ ಅಂತ ನೋಡಿಕೊಳ್ಳಬೇಕು. ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವುದು ಆಮೇಲಿನ ಮಾತು.

ಮೂವರ ಲೆಕ್ಕ

ಇಲ್ಲಿರುವುದು 2025-26ರ ಹೊಸ ತೆರಿಗೆ ಪದ್ಧತಿಯ ದರ. 4 ಲಕ್ಷದವರೆಗೆ ತೆರಿಗೆ ಇಲ್ಲ. ಆಮೇಲೆ ಪ್ರತಿ 4 ಲಕ್ಷಕ್ಕೆ ಒಂದೊಂದು ಮೆಟ್ಟಿಲು: 5, 10, 15, 20, 25 ಪರ್ಸೆಂಟ್. 24 ಲಕ್ಷ ದಾಟಿದ ಮೇಲೆ 30. ಬಂದ ತೆರಿಗೆಯ ಮೇಲೆ 4 ಪರ್ಸೆಂಟ್ ಸೆಸ್. ಸಂಬಳದವರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಎಲ್ಲ ಕಳೆದು ಆದಾಯ 12 ಲಕ್ಷ ದಾಟದಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಪೂರ್ತಿ ಮನ್ನಾ.

| ವರ್ಷದ ಸಂಬಳ | ಟ್ಯೂಷನ್ ಸೇರಿಸಿ ತೆರಿಗೆಗೆ ಬರುವ ಆದಾಯ | ಟ್ಯೂಷನ್‌ನಿಂದ ಜಾಸ್ತಿಯಾದ ತೆರಿಗೆ | ಪ್ರತಿ 2,500 ಫೀಸಿನಲ್ಲಿ ಎತ್ತಿಡಬೇಕಾದ್ದು |
|---|---|---|---|
| 9 ಲಕ್ಷ | 9,85,000 | 0 | 0 |
| 12 ಲಕ್ಷ | 12,85,000 | 75,660 | 1,050 |
| 18 ಲಕ್ಷ | 18,85,000 | 33,280 | 465 |

ನಡುವಿನವರಿಗೆ ಯಾಕೆ ಹೀಗೆ? ಅವರ ಸಂಬಳ 12 ಲಕ್ಷ, ಡಿಡಕ್ಷನ್ ಕಳೆದರೆ 11,25,000. ಟ್ಯೂಷನ್ ಇಲ್ಲದಿದ್ದರೆ ರಿಬೇಟ್ ಸಿಕ್ಕಿ ತೆರಿಗೆಯೇ ಇಲ್ಲ. ಟ್ಯೂಷನ್ ಸೇರಿದ ತಕ್ಷಣ 12 ಲಕ್ಷದ ಗೆರೆ ದಾಟುತ್ತಾರೆ. ಆಗ ರಿಬೇಟ್ ಕೈತಪ್ಪುತ್ತದೆ. ಅಲ್ಲಿಯವರೆಗೆ ಮನ್ನಾ ಆಗುತ್ತಿದ್ದ 60,000 ಒಮ್ಮೆಲೇ ತಲೆ ಮೇಲೆ ಬೀಳುತ್ತದೆ. ಗೆರೆ ದಾಟಿದ 85,000ಕ್ಕೆ 15 ಪರ್ಸೆಂಟ್ ಅಂದರೆ ಇನ್ನೊಂದು 12,750. ಸೆಸ್ ಸೇರಿ 75,660.

ಗೆರೆಯನ್ನು ಸ್ವಲ್ಪವೇ ದಾಟಿದವರಿಗೆ ಒಂದು ರಿಯಾಯಿತಿ ಇದೆ: 12 ಲಕ್ಷಕ್ಕಿಂತ ಎಷ್ಟು ಜಾಸ್ತಿ ಬಂತೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವುದಿಲ್ಲ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅದರ ಮೇಲೆ ಸೆಸ್ ಇದ್ದೇ ಇದೆ. ಆದಾಯ 12,30,000 ಆದರೆ ತೆರಿಗೆ 30,000, ಸೆಸ್ 1,200. 30,000 ದುಡಿದು 31,200 ಕಟ್ಟಿದ ಹಾಗಾಯಿತು! ಸುಮಾರು 12,70,000ದವರೆಗೂ ಇದೇ ಕಥೆ. ಅದಾದ ಮೇಲಷ್ಟೇ ಮಾಮೂಲಿ 15 ಪರ್ಸೆಂಟ್ ಶುರುವಾಗುತ್ತದೆ.

ಇದರ ಅರ್ಥ ಏನು ಅಂತ ಇನ್ನೊಂದು ಕಡೆಯಿಂದ ನೋಡಿ. ನಡುವಿನವರು ಎಂಟು ಮಕ್ಕಳ ಬದಲು ನಾಲ್ಕೇ ಮಕ್ಕಳಿಗೆ ಪಾಠ ಮಾಡಿದರೆ ಫೀಸು 90,000. ಅದೇ 20,000 ಖರ್ಚು ಕಳೆದರೂ 70,000 ಉಳಿಯುತ್ತದೆ. ಆದಾಯ 12 ಲಕ್ಷದೊಳಗೇ ಇರುವುದರಿಂದ ಅಷ್ಟೂ ಅವರದೇ. ಎಂಟು ಮಕ್ಕಳಿಗೆ ಹೇಳಿಕೊಟ್ಟರೆ ತೆರಿಗೆ ಕಳೆದು ಕೈಯಲ್ಲಿ 84,340. ಜಾಸ್ತಿ ನಾಲ್ಕು ಮಕ್ಕಳಿಗೆ ಒಂಬತ್ತು ತಿಂಗಳು ಪಾಠ ಮಾಡಿದ್ದಕ್ಕೆ ಸಿಕ್ಕಿದ್ದು 14,340 ರೂಪಾಯಿ. ಎಂಟೂ ಮಕ್ಕಳು ಒಂದೇ ಬ್ಯಾಚಿನಲ್ಲಿ ಕೂತರೆ ಪರವಾಗಿಲ್ಲ. ಅವರಿಗೋಸ್ಕರ ಭಾನುವಾರ ಬೆಳಿಗ್ಗೆ ಬೇರೆ ಬ್ಯಾಚ್ ಇಟ್ಟಿದ್ದರೆ ಆ ನಿದ್ದೆಯೇ ಒಳ್ಳೆಯದಿತ್ತು ಅನಿಸುತ್ತದೆ.

ಈ ಲೆಕ್ಕದಲ್ಲಿ ಎಫ್‌ಡಿ ಬಡ್ಡಿ, ಬಾಡಿಗೆ ಇದ್ದರೆ ಅದನ್ನೂ ಸೇರಿಸಿಕೊಳ್ಳಿ. ಎಷ್ಟೋ ಜನ 12 ಲಕ್ಷದ ಗೆರೆ ದಾಟುವುದು ಬ್ಯಾಂಕಿನ ಬಡ್ಡಿಯಿಂದ.

ತೆರಿಗೆ ದುಡ್ಡನ್ನು ಎಲ್ಲಿಡುವುದು

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಉಳಿತಾಯ ಖಾತೆ, ಆಟೋ ಸ್ವೀಪ್, ಲಿಕ್ವಿಡ್ ಫಂಡ್ ಅಂತ ಮೂರು ದಾರಿಗಳಿವೆ. ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ 2025ರ ಜೂನ್‌ನಿಂದ ಬಡ್ಡಿ 2.5 ಪರ್ಸೆಂಟ್, ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ 4. ಸ್ವೀಪ್ ಅಥವಾ ಫಂಡಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಸಿಗಬಹುದು. ಆದರೆ ಈ ದುಡ್ಡು ತಿಂಗಳು ತಿಂಗಳು ಸೇರುತ್ತಾ, ನಡುನಡುವೆ ಕಟ್ಟಿ ಖಾಲಿಯಾಗುತ್ತಾ ಇರುತ್ತದೆ. ಇಡೀ ವರ್ಷಕ್ಕೆ ವ್ಯತ್ಯಾಸ ಕೆಲವು ನೂರು ರೂಪಾಯಿ ಅಷ್ಟೇ. ಆ ಬಡ್ಡಿಗೂ ತೆರಿಗೆ ಇದೆ.

ಖಾತೆ ಬೇರೆ ಇರಬೇಕು. ಅದಕ್ಕೆ ಯುಪಿಐ ಜೋಡಿಸಬೇಡಿ. ಅಮ್ಮನದೋ ಹೆಂಡತಿಯದೋ ಖಾತೆಗೆ ಹಾಕುವುದೂ ಬೇಡ, ಲೆಕ್ಕ ಕಲಸಿಹೋಗುತ್ತದೆ. ಫೀಸು ಬಂದ ದಿನವೇ 1,050 ಅಲ್ಲಿಗೆ ಹೋಗಲಿ. ತಿಂಗಳ ಕೊನೆಯಲ್ಲಿ ಹಾಕೋಣ ಅಂದರೆ ಆ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಚೀಟಿಗೆ ಮಾತ್ರ ಈ ದುಡ್ಡು ಹಾಕಬೇಡಿ. ಚೀಟಿ ಎತ್ತುವ ತಿಂಗಳು ನಿಮ್ಮ ಕೈಯಲ್ಲಿಲ್ಲ, ತೆರಿಗೆ ಕಟ್ಟುವ ತಾರೀಖು ಮೊದಲೇ ಗೊತ್ತಾಗಿದೆ. ಎರಡಕ್ಕೂ ಹೊಂದುವುದಿಲ್ಲ.

ಕಟ್ಟುವುದಕ್ಕೆ ಮೂರು ದಾರಿ

ಒಂದು, ಆಫೀಸಿನಲ್ಲೇ ಹೇಳಿಬಿಡುವುದು. ಈ ವರ್ಷ ನನಗೆ ಹೊರಗಿನಿಂದ 1,60,000 ಆದಾಯ ಇದೆ ಅಂತ ಬರೆದುಕೊಟ್ಟರೆ ಸಂಬಳದಲ್ಲೇ ಜಾಸ್ತಿ ಟಿಡಿಎಸ್ ಹಿಡಿಯುತ್ತಾರೆ. ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆ. ಡಿಸೆಂಬರಿನಲ್ಲಿ ಹೇಳಿದರೂ ಉಳಿದ ತಿಂಗಳುಗಳಲ್ಲಿ ಹಿಡಿದು ಸರಿಮಾಡುತ್ತಾರೆ, ಕಂತಿನ ಬಡ್ಡಿಯ ಗೋಳಿಲ್ಲ. 18 ಲಕ್ಷದವರಿಗೆ ಇದೇ ಸುಲಭ. ತೊಡಕು ಒಂದೇ, ನೀವು ಹೊರಗೆ ದುಡಿಯುವುದು ಆಫೀಸಿಗೆ ಗೊತ್ತಾಗುತ್ತದೆ. ಹೊರಗಿನ ಕೆಲಸಕ್ಕೆ ಮೊದಲು ಅನುಮತಿ ಬೇಕು ಅಂತ ನೇಮಕಾತಿ ಪತ್ರದಲ್ಲಿ ಇದ್ದರೆ ಅದನ್ನು ತೆಗೆದುಕೊಂಡೇ ಹೋಗಿ.

ಎರಡು, ಮುಂಗಡ ತೆರಿಗೆ. ಟಿಡಿಎಸ್ ಕಳೆದ ಮೇಲೂ 10,000 ಅಥವಾ ಅದಕ್ಕಿಂತ ಜಾಸ್ತಿ ತೆರಿಗೆ ಬಾಕಿ ಇರುವಂತಿದ್ದರೆ ವರ್ಷದೊಳಗೇ ನಾಲ್ಕು ಕಂತಿನಲ್ಲಿ ಕಟ್ಟಬೇಕು. ಜೂನ್ 15ರೊಳಗೆ 15 ಪರ್ಸೆಂಟ್, ಸೆಪ್ಟೆಂಬರ್ 15ರೊಳಗೆ ಒಟ್ಟು 45, ಡಿಸೆಂಬರ್ 15ರೊಳಗೆ 75, ಮಾರ್ಚ್ 15ರೊಳಗೆ ಪೂರ್ತಿ. ನಡುವಿನವರಿಗೆ ಇದು ಬೇಕೇ ಬೇಕು. ಅವರ ಸಂಬಳಕ್ಕೆ ತೆರಿಗೆ ಇಲ್ಲ ಅಂತ ಆಫೀಸಿನವರು ಒಂದು ರೂಪಾಯಿ ಟಿಡಿಎಸ್ಸೂ ಹಿಡಿದಿರುವುದಿಲ್ಲ.

ಎಂಟು ಮಕ್ಕಳ ಫೀಸಿನಿಂದ 1,050ರಂತೆ ಎತ್ತಿಟ್ಟರೆ ತಿಂಗಳಿಗೆ 8,400. ಸೆಪ್ಟೆಂಬರಿನ ಹೊತ್ತಿಗೆ 33,600 ಸೇರಿರುತ್ತದೆ, ಬೇಕಾಗಿರುವುದು 34,047. ಡಿಸೆಂಬರಿಗೆ 58,800 ಸೇರಿರುತ್ತದೆ, ಬೇಕಾಗಿರುವುದು 56,745. ಮಾರ್ಚಿಗೆ 75,600. ಹೆಚ್ಚುಕಮ್ಮಿ ಸರಿಯಾಗಿ ಹೊಂದುತ್ತದೆ. ಜೂನ್ ಮಾತ್ರ ಕಷ್ಟ: ಒಂದೇ ತಿಂಗಳ ಫೀಸು ಬಂದಿರುತ್ತದೆ, ಕಂತು 11,349. ಆದರೆ ಮೊದಲ ಕಂತಿನಲ್ಲಿ 12 ಪರ್ಸೆಂಟ್ ಕಟ್ಟಿದ್ದರೂ ಬಡ್ಡಿ ಹಾಕುವುದಿಲ್ಲ. ಅಂದರೆ 9,079 ಸಾಕು. ಕೈಯಿಂದ ಏಳುನೂರು ಸೇರಿಸಿದರೆ ಆಯಿತು. ಎರಡನೇ ಕಂತಿಗೂ ಇಂಥದೇ ಸಡಿಲಿಕೆ ಇದೆ, ಅಲ್ಲಿ 36 ಪರ್ಸೆಂಟ್ ಮುಟ್ಟಿದ್ದರೆ ಸಾಕು.

ಮೂರು, ಏನೂ ಮಾಡದೆ ಸುಮ್ನೆ ಇದ್ದು ರಿಟರ್ನ್ ಹಾಕುವಾಗ ಒಟ್ಟಿಗೆ ಕಟ್ಟುವುದು. ತುಂಬಾ ಜನ ಮಾಡುವುದು ಇದನ್ನೇ. ನಡುವಿನವರು ಜುಲೈನಲ್ಲಿ ಕಟ್ಟಿದರೆ ಎಷ್ಟಾಗುತ್ತದೆ ನೋಡಿ. ಕಂತು ತಪ್ಪಿಸಿದ್ದಕ್ಕೆ ಬಡ್ಡಿ 3,816. ವರ್ಷ ಮುಗಿದ ಮೇಲೂ ಕಟ್ಟದಿದ್ದಕ್ಕೆ ಏಪ್ರಿಲ್‌ನಿಂದ ಜುಲೈವರೆಗೆ ತಿಂಗಳಿಗೆ 1 ಪರ್ಸೆಂಟ್‌ನಂತೆ 3,024. ಒಟ್ಟು 6,840. ಒಬ್ಬ ಹುಡುಗನ ಸುಮಾರು ಮೂರು ತಿಂಗಳ ಫೀಸು. ತಿಂಗಳಿಗೆ ಒಂದು ಪರ್ಸೆಂಟ್ ಅಂದರೆ ವರ್ಷಕ್ಕೆ ಹನ್ನೆರಡು. ಅಷ್ಟು ಬಡ್ಡಿ ಕೊಡುವ ನಂಬಿಕಸ್ತ ಬ್ಯಾಂಕು ಯಾವುದೂ ಇಲ್ಲ. ಆದ್ದರಿಂದ "ಅಲ್ಲಿವರೆಗೆ ಎಫ್‌ಡಿಯಲ್ಲಿ ದುಡಿಯಲಿ" ಅನ್ನುವ ವಾದ ನಿಲ್ಲುವುದಿಲ್ಲ.

ಕಟ್ಟುವುದು ಆದಾಯ ತೆರಿಗೆ ಪೋರ್ಟಲ್ಲಿನ `e-Pay Tax` ಪುಟದಲ್ಲಿ. ಮಾರ್ಚ್ 31ರವರೆಗೆ ಕಟ್ಟುವುದಾದರೆ `Advance Tax (100)`, ಆಮೇಲಾದರೆ `Self-Assessment Tax (300)`. ಜನ ಎಡವುವುದು ವರ್ಷದಲ್ಲಿ. 2025-26ರಲ್ಲಿ ದುಡಿದದ್ದಕ್ಕೆ ಆರಿಸಬೇಕಾದ್ದು ಅಸೆಸ್‌ಮೆಂಟ್ ವರ್ಷ 2026-27. ತಪ್ಪು ವರ್ಷಕ್ಕೆ ಹೋದರೆ ದುಡ್ಡು ಕಟ್ಟಿದ್ದರೂ ಬಾಕಿ ಅಂತ ನೋಟಿಸ್ ಬರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅಲ್ಲಿಂದ ಮುಂದಿನ ಆದಾಯಕ್ಕೆ "ತೆರಿಗೆ ವರ್ಷ" ಅಂತ ಒಂದೇ ವರ್ಷ, ಈ ಗೊಂದಲ ಇಲ್ಲ. ಆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಯೂ ಬದಲಾಗಿರುವುದರಿಂದ ಇಲ್ಲಿ ನಾನು ಸಂಖ್ಯೆ ಹೇಳುತ್ತಿಲ್ಲ.

ಆರು ಪರ್ಸೆಂಟ್ ಲಾಭ ತೋರಿಸಬಹುದಾ?

ಈ ಪ್ರಶ್ನೆ ಬಂದೇ ಬರುತ್ತದೆ. ಸಣ್ಣ ವ್ಯಾಪಾರಿಗಳಿಗೆ ಒಂದು ಅನುಕೂಲ ಇದೆ. ಖರ್ಚಿನ ಲೆಕ್ಕ ಇಡದೆ, ಬಂದ ದುಡ್ಡಿನಲ್ಲಿ 8 ಪರ್ಸೆಂಟ್ ಲಾಭ ಅಂತ ತೋರಿಸಿ ಅಷ್ಟಕ್ಕೆ ಮಾತ್ರ ತೆರಿಗೆ ಕಟ್ಟಬಹುದು. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದಿದ್ದರೆ 6 ಪರ್ಸೆಂಟೇ ಸಾಕು. ನಡುವಿನವರು ಹೀಗೆ ಮಾಡಿದರೆ 1,80,000ಕ್ಕೆ ಲಾಭ 10,800. ಒಟ್ಟು ಆದಾಯ 11,35,800. ತೆರಿಗೆ ಸೊನ್ನೆ. 75,660 ಎಲ್ಲಿ, ಸೊನ್ನೆ ಎಲ್ಲಿ!

ವಕೀಲಿಕೆ, ವೈದ್ಯವೃತ್ತಿ, ಎಂಜಿನಿಯರಿಂಗ್, ಲೆಕ್ಕಪತ್ರ, ತಾಂತ್ರಿಕ ಸಲಹೆ, ಇಂಟೀರಿಯರ್ ಕೆಲಸ ಇಂಥ ಕೆಲವು ವೃತ್ತಿಗಳನ್ನು ಕಾನೂನು ಹೆಸರು ಹಿಡಿದು ಪಟ್ಟಿ ಮಾಡಿದೆ. ಅವರಿಗೆ 6 ಪರ್ಸೆಂಟ್ ಇಲ್ಲ, ಕನಿಷ್ಠ 50 ಪರ್ಸೆಂಟ್ ಲಾಭ ತೋರಿಸಬೇಕು. ವಾರಾಂತ್ಯದಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿಯುವವರೂ ಆ ಸಾಲಿಗೇ ಸೇರುತ್ತಾರೆ. ವಿಮೆ ಏಜೆಂಟರು, ಕಮಿಷನ್ ಮೇಲೆ ಕೆಲಸ ಮಾಡುವವರಿಗೆ 6 ಪರ್ಸೆಂಟಿನ ದಾರಿ ಮುಚ್ಚಿದೆ. ಟ್ಯೂಷನ್ ಆ ವೃತ್ತಿಗಳ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅದು ಸಣ್ಣ ವ್ಯಾಪಾರದ ಲೆಕ್ಕಕ್ಕೆ ಬರುತ್ತದೆ ಅಂತ 6 ಪರ್ಸೆಂಟ್ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಪಾಠ ಹೇಳುವುದು ವ್ಯಾಪಾರವೇ ಅಲ್ಲ, ಅದೊಂದು ವೃತ್ತಿ ಅನ್ನುವ ವಾದವೂ ಇದೆ. ಅದನ್ನು ಅಧಿಕಾರಿ ಹಿಡಿದರೆ ನಿಜವಾದ ಲಾಭಕ್ಕೇ ತೆರಿಗೆ, ಮೇಲೆ ಬಡ್ಡಿ.

ನನ್ನ ಅಭಿಪ್ರಾಯ ಇಷ್ಟು. ಮನೆಯ ಹಾಲಿನಲ್ಲಿ ಕೂತು ಹೇಳಿಕೊಡುವವರಿಗೆ ನೂರಕ್ಕೆ ಆರೇ ರೂಪಾಯಿ ಲಾಭ ಅಂದರೆ ನಂಬುವುದು ಕಷ್ಟ. ನೀವು ನಂಬುವ ಸಿಎ ಒಬ್ಬರು ನಿಮ್ಮ ಕೆಲಸ ನೋಡಿ ಇದು ಸರಿ ಅಂದರೆ ಆ ದಾರಿ ಹಿಡಿಯಿರಿ. ಆದರೆ ಎತ್ತಿಟ್ಟ ದುಡ್ಡು ಮುಟ್ಟಬೇಡಿ. 2026ರ ಜುಲೈನಲ್ಲಿ ಹಾಕಿದ ರಿಟರ್ನನ್ನು ಪರಿಶೀಲನೆಗೆ ತೆಗೆದುಕೊಳ್ಳಲು ಇಲಾಖೆಗೆ 2027ರ ಜೂನ್ ಕೊನೆಯವರೆಗೆ ಸಮಯ ಇದೆ. ಅಲ್ಲಿವರೆಗಾದರೂ ಆ 75,000 ಎಫ್‌ಡಿಯಲ್ಲಿ ಕೂತಿರಲಿ. ಇನ್ನೊಂದು ವಿಷಯ: ಈ ದಾರಿ ಹಿಡಿದು ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಹಿಡಿಯಲು ಬಿಡುವುದಿಲ್ಲ. ಒಂದು ಅನುಕೂಲ ಅಂದರೆ, ಈ ದಾರಿಯಲ್ಲಿ ನಾಲ್ಕು ಕಂತಿನ ಕಾಟ ಇಲ್ಲ, ಮುಂಗಡ ತೆರಿಗೆ ಇದ್ದರೆ ಮಾರ್ಚ್ 15ಕ್ಕೆ ಒಂದೇ ಸಲ.

ಯಾವ ದಾರಿ ಹಿಡಿದರೂ ಸಂಬಳದವರ ಮಾಮೂಲಿ ಐಟಿಆರ್-1 ನಡೆಯುವುದಿಲ್ಲ. ಅಂದಾಜು ಲಾಭ ತೋರಿಸಿದರೆ ಐಟಿಆರ್-4. ನಿಜವಾದ ಖರ್ಚು ತೋರಿಸಿದರೆ ಐಟಿಆರ್-3. ತೆರಿಗೆ ಸೊನ್ನೆ ಇರುವ 9 ಲಕ್ಷದವರಿಗೂ ಇದೇ ನಿಯಮ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರು ಇನ್ನೂ ಎಚ್ಚರ ವಹಿಸಬೇಕು. ಬರೀ ಸಂಬಳ ಇದ್ದಾಗ ವರ್ಷವರ್ಷವೂ ಹಳೇದು, ಹೊಸದು ಅಂತ ಬದಲಾಯಿಸಬಹುದಿತ್ತು. ಟ್ಯೂಷನ್ ಆದಾಯ ತೋರಿಸಿದ ಮೇಲೆ ಹಳೇದಕ್ಕೆ ಬೇರೆ ಫಾರಂ ಹಾಕಬೇಕು, ಒಮ್ಮೆ ಹೊಸದಕ್ಕೆ ಮರಳಿದರೆ ಆ ಆದಾಯ ಇರುವವರೆಗೆ ಮತ್ತೆ ಹಳೇದಕ್ಕೆ ಹೋಗುವಂತಿಲ್ಲ.

ನಡುವಿನವರಿಗೆ ಕಂಪನಿಯ ಎನ್‌ಪಿಎಸ್

ನಿಜವಾದ ಲಾಭ ತೋರಿಸಿಯೂ ಆ 75,660ರಿಂದ ಪಾರಾಗುವ ಒಂದು ದಾರಿ ಇದೆ. ಅದು ಟ್ಯೂಷನ್ ದುಡ್ಡಿನಲ್ಲಿ ಇಲ್ಲ, ಸಂಬಳದಲ್ಲಿ ಇದೆ. ಹೊಸ ಪದ್ಧತಿಯಲ್ಲಿ ಪಿಪಿಎಫ್, ಎಲ್‌ಐಸಿ ಯಾವುದಕ್ಕೂ ವಿನಾಯಿತಿ ಇಲ್ಲ. ಆದರೆ ಕಂಪನಿ ನಿಮ್ಮ ಹೆಸರಿನಲ್ಲಿ ಎನ್‌ಪಿಎಸ್ ಅನ್ನುವ ಪಿಂಚಣಿ ಯೋಜನೆಗೆ ಕಟ್ಟಿದರೆ ಮೂಲ ವೇತನದ 14 ಪರ್ಸೆಂಟ್‌ವರೆಗೆ ಆದಾಯದಿಂದ ಕಳೆಯಬಹುದು. ನೀವೇ ಕಟ್ಟಿದರೆ ಇದು ಸಿಗುವುದಿಲ್ಲ. ಕಂಪನಿಯ ಮೂಲಕವೇ ಹೋಗಬೇಕು.

ನಡುವಿನವರ ಮೂಲ ವೇತನ ವರ್ಷಕ್ಕೆ 6 ಲಕ್ಷ ಇರಲಿ. 14 ಪರ್ಸೆಂಟ್ ಅಂದರೆ 84,000. ಸ್ಪೆಷಲ್ ಅಲೋವೆನ್ಸಿನಿಂದ ಅಷ್ಟನ್ನು ಕತ್ತರಿಸಿ ಎನ್‌ಪಿಎಸ್‌ಗೆ ಹಾಕಿ ಅಂತ ಎಚ್‌ಆರ್‌ಗೆ ಹೇಳಿದರು ಅನ್ನಿ. ಕಂಪನಿಗೆ ಇದರಿಂದ ಜಾಸ್ತಿ ಖರ್ಚಿಲ್ಲ. ಕೈಗೆ ಬರುವ ಸಂಬಳ ತಿಂಗಳಿಗೆ 7,000 ಕಮ್ಮಿಯಾಗುತ್ತದೆ, ಆ ಜಾಗವನ್ನು ಟ್ಯೂಷನ್ ದುಡ್ಡು ತುಂಬುತ್ತದೆ. ಈಗ ಲೆಕ್ಕ ಹಾಕಿ. 12,85,000ದಲ್ಲಿ 84,000 ಹೋದರೆ 12,01,000. ಗೆರೆ ದಾಟಿದ್ದು ಒಂದೇ ಸಾವಿರ. ರಿಯಾಯಿತಿಯಿಂದ ತೆರಿಗೆಯೂ ಒಂದೇ ಸಾವಿರ, ಸೆಸ್ 40.

ಎರಡನ್ನೂ ಅಕ್ಕಪಕ್ಕ ಇಡಿ. ಎನ್‌ಪಿಎಸ್ ಇಲ್ಲದಿದ್ದರೆ 1,60,000ದಲ್ಲಿ 75,660 ತೆರಿಗೆ ಹೋಗಿ ಕೈಯಲ್ಲಿ 84,340. ಎನ್‌ಪಿಎಸ್ ಇದ್ದರೆ 84,000 ಅಲ್ಲಿಗೆ, 1,040 ತೆರಿಗೆಗೆ, ಕೈಯಲ್ಲಿ 74,960. ಕೈಗೆ 9,380 ಕಮ್ಮಿ ಬಂತು. ಬದಲಿಗೆ ನಿಮ್ಮ ಹೆಸರಿನಲ್ಲಿ 84,000 ಇದೆ. ಈ ಜಾಗದಲ್ಲಿರುವವರಿಗೆ ಎಫ್‌ಡಿ, ಫಂಡು, ಚಿನ್ನ ಯಾವುದೂ ಇದರ ಹತ್ತಿರಕ್ಕೂ ಬರುವುದಿಲ್ಲ. ಬೇರೆಯವರಿಗೆ ಇಷ್ಟು ಲಾಭ ಇಲ್ಲ. 9 ಲಕ್ಷದವರಿಗೆ ಇದರಿಂದ ಉಳಿಯುವ ತೆರಿಗೆಯೇ ಇಲ್ಲ. 18 ಲಕ್ಷದವರಿಗೆ ನೂರಕ್ಕೆ ಇಪ್ಪತ್ತು ಚಿಲ್ಲರೆ ರೂಪಾಯಿ ಉಳಿಯುತ್ತದೆ.

ಬೆಲೆಯೂ ಇದೆ. ಎನ್‌ಪಿಎಸ್ ದುಡ್ಡು ಸಾಮಾನ್ಯವಾಗಿ ತುಂಬಾ ವರ್ಷ ಕೈಗೆ ಸಿಗುವುದಿಲ್ಲ. ಕೆಲವು ಕಾರಣಗಳಿಗೆ ಸ್ವಲ್ಪ ತೆಗೆಯಬಹುದು ಅಷ್ಟೇ. ಕೊನೆಯಲ್ಲೂ ಒಂದು ಭಾಗ ಪಿಂಚಣಿಗೆ ಹೋಗಬೇಕು. ಎರಡು ವರ್ಷದಲ್ಲಿ ಸೈಟು ಕೊಳ್ಳುವ, ಮಗಳ ಕಾಲೇಜಿಗೆ ಕಟ್ಟುವ ಯೋಚನೆ ಇದ್ದರೆ ಕೈಯಲ್ಲಿರುವ 74,960 ಸಾಕಾಗುತ್ತದಾ ಅಂತ ಮೊದಲು ನೋಡಿ. ಇನ್ನೊಂದು ತೊಡಕು, ಸಂಬಳದ ರಚನೆ ಬದಲಾಯಿಸಲು ಹಲವು ಕಂಪನಿಗಳು ವರ್ಷಕ್ಕೊಮ್ಮೆ ಮಾತ್ರ ಬಿಡುತ್ತವೆ. ಜನವರಿಯಲ್ಲಿ ನೆನಪಾದರೆ ಪ್ರಯೋಜನ ಇಲ್ಲ, ಏಪ್ರಿಲ್‌ನಲ್ಲೇ ಎಚ್‌ಆರ್‌ಗೆ ಮೇಲ್ ಹಾಕಬೇಕು.

9 ಲಕ್ಷದವರು: ತೆರಿಗೆ ಇಲ್ಲ, ಆದರೆ ಮೂರು ತಿಂಗಳು ಖಾಲಿ

ಇವರ ಕೈಗೆ 1,60,000 ಪೂರ್ತಿ ಬರುತ್ತದೆ. ಇವರ ತೊಂದರೆ ಬೇರೆ. ದ್ವಿತೀಯ ಪಿಯು ಪರೀಕ್ಷೆ ಬಂತು ಅಂದರೆ ಟ್ಯೂಷನ್ ನಿಂತಿತು. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು ಒಂದು ಪೈಸೆ ಇಲ್ಲ. ಆದ್ದರಿಂದ ತಿಂಗಳು ತಪ್ಪದೆ ಕಟ್ಟಬೇಕಾದ ಯಾವುದಕ್ಕೂ ಈ ದುಡ್ಡನ್ನು ನಂಬಬಾರದು. ಹೊಸ ಬೈಕಿನ ಇಎಂಐಯಂತೂ ಬೇಡವೇ ಬೇಡ.

ಅಂಚೆ ಕಚೇರಿಯ ಆರ್‌ಡಿ ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಅದು ಐದು ವರ್ಷದ್ದು. ಪ್ರತಿ ವರ್ಷ ಮೂರು ತಿಂಗಳು ಕಂತು ತಪ್ಪುತ್ತದೆ. ತಪ್ಪಿದ್ದಕ್ಕೆಲ್ಲ ದಂಡ ಇದೆ, ಕಟ್ಟದೆ ನಾಲ್ಕು ಕಂತು ಬಾಕಿಯಾದ ಮೇಲೆ ಖಾತೆಯೇ ನಿಲ್ಲುತ್ತದೆ. ಬ್ಯಾಂಕಿನ ಒಂಬತ್ತು ತಿಂಗಳ ಆರ್‌ಡಿ ಇದಕ್ಕಿಂತ ಎಷ್ಟೋ ವಾಸಿ. ಜೂನ್‌ನಲ್ಲಿ ಶುರುಮಾಡಿದರೆ ಫೀಸು ನಿಲ್ಲುವ ಹೊತ್ತಿಗೆ ಕಂತೂ ಮುಗಿಯುತ್ತದೆ, ಬೇಸಿಗೆಗೆ ದುಡ್ಡು ಕೈಯಲ್ಲಿರುತ್ತದೆ.

ಮೂರ್ನಾಲ್ಕು ತಿಂಗಳ ಮನೆಖರ್ಚಿಗೆ ಆಗುವಷ್ಟು ಕೂಡಿದ ಮೇಲೆ ಪಿಪಿಎಫ್ ನೋಡಬಹುದು. ಇಷ್ಟೇ ಕಟ್ಟು, ಪ್ರತಿ ತಿಂಗಳೂ ಕಟ್ಟು ಅನ್ನುವ ಕಟ್ಟುಪಾಡು ಅಲ್ಲಿಲ್ಲ. ವರ್ಷಕ್ಕೆ 500ರಿಂದ 1,50,000ದವರೆಗೆ ಬಂದಾಗ ಬಂದಷ್ಟು ಹಾಕಬಹುದು. ಬಡ್ಡಿ 7.1 ಪರ್ಸೆಂಟ್, ಅದಕ್ಕೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ. ಅವಧಿ 15 ವರ್ಷ. ಬಡ್ಡಿ ಲೆಕ್ಕ ಹಾಕುವುದು ತಿಂಗಳ 5ನೇ ತಾರೀಖಿನಿಂದ ಕೊನೆಯವರೆಗಿನ ಅತಿ ಕಡಿಮೆ ಮೊತ್ತಕ್ಕೆ. ಹಾಗಾಗಿ 6ನೇ ತಾರೀಖು ಹಾಕಿದ ದುಡ್ಡಿಗೆ ಆ ತಿಂಗಳ ಬಡ್ಡಿ ಇಲ್ಲ. ಮಕ್ಕಳಿಗೆ ಫೀಸು ಒಂದನೇ ತಾರೀಖೇ ತನ್ನಿ ಅಂತ ಹೇಳಲು ಇದೂ ಒಂದು ಕಾರಣ.

18 ಲಕ್ಷದವರು: ಮನೆ ಸಾಲ ಇದ್ದರೆ

ತೆರಿಗೆ ಕಳೆದು ಇವರ ಕೈಯಲ್ಲಿ 1,26,720. ಕ್ರೆಡಿಟ್ ಕಾರ್ಡ್ ಬಾಕಿ ಅಥವಾ ಪರ್ಸನಲ್ ಲೋನ್ ಇದ್ದರೆ ಹೋಲಿಕೆಯ ಮಾತೇ ಇಲ್ಲ, ಮೊದಲು ಅದನ್ನು ತೀರಿಸಿ. ಬರೀ ಮನೆ ಸಾಲ ಇದ್ದರೆ ಎಫ್‌ಡಿಯನ್ನೂ ಸಾಲವನ್ನೂ ಹೋಲಿಸಬೇಕು. 6.5 ಪರ್ಸೆಂಟಿನ ಎಫ್‌ಡಿಯಲ್ಲಿ ಇವರ ತೆರಿಗೆ ಕಳೆದರೆ ಉಳಿಯುವುದು 5.15. ಸಾಲದ ಬಡ್ಡಿ 8.5 ಇದ್ದರೆ ಎಫ್‌ಡಿ ಮಾಡಿದಷ್ಟೂ ನಷ್ಟ. ಹಳೇ ಪದ್ಧತಿಯಲ್ಲಿ ಮನೆ ಸಾಲದ ಬಡ್ಡಿಗೆ ವಿನಾಯಿತಿ ಇತ್ತು, ಅದಕ್ಕೇ "ಸಾಲ ಇರಲಿ ಬಿಡಿ" ಅನ್ನುತ್ತಿದ್ದರು. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಆ ವಿನಾಯಿತಿ ಇಲ್ಲ. ಹಳೇ ಸಲಹೆಯನ್ನೇ ಹಿಡಿದು ಕೂರಬೇಡಿ.

30 ಲಕ್ಷ ಸಾಲ, 8.5 ಪರ್ಸೆಂಟ್, 20 ವರ್ಷ. ಇಎಂಐ ಸುಮಾರು 26,035. ಶುರುವಿನಲ್ಲೇ 1 ಲಕ್ಷ ಅಸಲಿಗೆ ಕಟ್ಟಿ, ಇಎಂಐ ಅಷ್ಟೇ ಇಟ್ಟುಕೊಂಡರೆ 240 ಕಂತಿನ ಬದಲು ಸುಮಾರು 220ಕ್ಕೆ ಸಾಲ ಮುಗಿಯುತ್ತದೆ. ಕೊನೆಯ ಹತ್ತೊಂಬತ್ತು-ಇಪ್ಪತ್ತು ಕಂತು, ಅಂದರೆ ಸುಮಾರು 5 ಲಕ್ಷ ಉಳಿತಾಯ. ಇದು ಇಪ್ಪತ್ತು ವರ್ಷದ ನಂತರದ 5 ಲಕ್ಷ, ಇವತ್ತಿನದಲ್ಲ ಅನ್ನುವುದು ನೆನಪಿರಲಿ. ವರ್ಷಕ್ಕೆ 8.5 ಪರ್ಸೆಂಟ್ ಖಚಿತವಾಗಿ ದುಡಿದಂತೆ, ಅಷ್ಟೇ. ಖಚಿತ ಅನ್ನುವುದೇ ಇದರ ಬಲ. ಷೇರು ಫಂಡಿನಲ್ಲಿ ಇದಕ್ಕಿಂತ ಜಾಸ್ತಿ ಬರಬಹುದು, ಕಮ್ಮಿಯೂ ಬರಬಹುದು.

ಬಡ್ಡಿ ದರ ಬದಲಾಗುವ ಮನೆ ಸಾಲಕ್ಕೆ, ಸಾಲಗಾರ ವ್ಯಕ್ತಿಯಾಗಿದ್ದರೆ, ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಕಟ್ಟುವಾಗ ಅವಧಿ ಕಡಿಮೆ ಮಾಡಿ, ಇಎಂಐ ಕಡಿಮೆ ಮಾಡಬೇಡಿ ಅಂತ ಬರೆದುಕೊಡಿ. ಆಮೇಲೆ ಹೊಸ ಕಂತಿನ ಪಟ್ಟಿ ತೆಗೆದು ಕೊನೆಯ ತಾರೀಖು ಹಿಂದೆ ಬಂದಿದೆಯಾ ನೋಡಿ. ತಾರೀಖು ಅದೇ ಇದ್ದು ಇಎಂಐ ಇಳಿದಿದ್ದರೆ ನೀವು ಕೇಳಿದ್ದು ಆಗಿಲ್ಲ.

ಕೋಚಿಂಗ್ ಸೆಂಟರಿನಲ್ಲಿ ಪಾಠ ಮಾಡುವವರಿಗೆ

ಮನೆಯಲ್ಲಿ ಅಲ್ಲದೆ ಸೆಂಟರಿಗೆ ಹೋಗಿ ಹೇಳಿಕೊಡುವವರು ದುಡ್ಡು ಯಾವ ಹೆಸರಿನಲ್ಲಿ ಬರುತ್ತಿದೆ ಅಂತ ಕೇಳಿಕೊಳ್ಳಬೇಕು. ವೃತ್ತಿ ಶುಲ್ಕ ಅಂತ ಕೊಟ್ಟರೆ ವರ್ಷಕ್ಕೆ 50,000 ದಾಟಿದ ಮೇಲೆ ಸೆಂಟರಿನವರು 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತಾರೆ. "ತೆರಿಗೆ ಅಲ್ಲೇ ಹೋಯಿತಲ್ಲ" ಅಂತ ಸುಮ್ಮನಾಗಬೇಡಿ. 9 ಲಕ್ಷದವರಿಗೆ ಆ ಹತ್ತು ಪರ್ಸೆಂಟ್ ವಾಪಸ್ ಬರಬೇಕು, ರಿಟರ್ನ್ ಹಾಕಿದರೆ ಬರುತ್ತದೆ. 12 ಲಕ್ಷದವರು ಫೀಸಿನ 42 ಪರ್ಸೆಂಟ್ ಕಟ್ಟಬೇಕಾದವರು, ಅವರಿಗೆ ಅದು ಏನೇನೂ ಸಾಲದು.

ಸೆಂಟರಿನವರು ನೌಕರ ಅಂತ ಸಂಬಳವೇ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಆಗ ಬೋರ್ಡು, ಪೆಟ್ರೋಲು ಅಂತ ಖರ್ಚು ಕಳೆಯುವಂತಿಲ್ಲ. ಎರಡೂ ಕಡೆಯವರು ಇವರಿಗೆ ನಾನೊಬ್ಬನೇ ಸಂಬಳ ಕೊಡುವವನು ಅಂದುಕೊಂಡು 75,000 ಡಿಡಕ್ಷನ್ನೂ ರಿಬೇಟೂ ಕೊಟ್ಟಿರುತ್ತಾರೆ. ಸಿಗಬೇಕಾದ್ದು ಒಂದೇ ಸಲ. ಜುಲೈನಲ್ಲಿ ಎರಡು ಫಾರಂ 16 ಒಟ್ಟಿಗೆ ಇಟ್ಟಾಗ ಬಾಕಿ ಹೊರಗೆ ಬರುತ್ತದೆ. ಸೆಂಟರಿಗೆ ಸೇರಿದ ತಿಂಗಳೇ ಅಲ್ಲಿನ ಸಂಬಳದ ವಿವರವನ್ನು ಮೊದಲ ಆಫೀಸಿಗೆ ಕೊಟ್ಟರೆ ಇದು ತಪ್ಪುತ್ತದೆ.

ಶಾಲಾ ಶಿಕ್ಷಕರಿಗೆ ಮಾತ್ರ ಮೇಲಿನ ಲೆಕ್ಕವೆಲ್ಲ ಹೊಂದುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಅವರು ಎಷ್ಟು ಎತ್ತಿಡಬೇಕು ಅಂತ ಕೇಳುವ ಮೊದಲು ತಮ್ಮ ಆಡಳಿತ ಮಂಡಳಿಯ ಹತ್ತಿರ ಮಾತಾಡಿಕೊಳ್ಳುವುದು ಒಳ್ಳೆಯದು.